ಸೆಕೆಯ ಊರು, ಎಣ್ಣೆ ಮುಖ: ಯಾವ ಸನ್‌ಸ್ಕ್ರೀನ್?

ಏಪ್ರಿಲ್ ತಿಂಗಳಲ್ಲಿ ಮಂಗಳೂರು, ಉಡುಪಿ ಕಡೆ ಮುಖ ತೊಳೆದು ಒರೆಸಿಕೊಳ್ಳುವಷ್ಟರಲ್ಲೇ ಮತ್ತೆ ಬೆವರು. ಗಾಳಿಯಲ್ಲೇ ತೇವ ತುಂಬಿರುವುದರಿಂದ ಅದು ಬೇಗ ಆರುವುದಿಲ್ಲ. ಇದರ ಮೇಲೆ ಸನ್‌ಸ್ಕ್ರೀನ್ ಬೇರೆ ಯಾಕೆ ಅಂತ ಎಣ್ಣೆ ಚರ್ಮದವರು ಕಡಲೆ ಕಾಳಿನಷ್ಟು ತೆಗೆದುಕೊಂಡು ತೆಳ್ಳಗೆ ಸವರಿ ಮುಗಿಸುತ್ತಾರೆ. ತೊಂದರೆ ಇರುವುದು ಅಲ್ಲೇ.

ಟ್ಯೂಬಿನ ಮೇಲಿನ ಎಸ್‌ಪಿಎಫ್ ಅಂಕಿಯನ್ನು ಅಳೆಯುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿರುತ್ತಾರೆ. ಮುಖ, ಕುತ್ತಿಗೆಗೆ ಲೆಕ್ಕ ಹಾಕಿದರೆ ತೋರುಬೆರಳು, ನಡುಬೆರಳಿನ ಉದ್ದಕ್ಕೂ ಎಳೆದ ಎರಡು ಗೆರೆ, ಅಂದರೆ ಸುಮಾರು 1 ಗ್ರಾಂ. ಅದಕ್ಕಿಂತ ಕಡಿಮೆ ಹಚ್ಚಿದರೆ 50 ಎಂದು ಬರೆದಿದ್ದರೂ ಅಷ್ಟು ರಕ್ಷಣೆ ಸಿಗದು. ಆದ್ದರಿಂದ ಎರಡು ಬೆರಳಿನಷ್ಟನ್ನೂ ಕಿರಿಕಿರಿಯಿಲ್ಲದೆ ಹಚ್ಚಿಕೊಳ್ಳಲು ಆಗುವುದನ್ನೇ ಆರಿಸಬೇಕು.

ಆ ಪರೀಕ್ಷೆಯಲ್ಲಿ ಎಣ್ಣೆ ಚರ್ಮಕ್ಕೆ ಸಾಮಾನ್ಯವಾಗಿ ಗೆಲ್ಲುವುದು ಜೆಲ್. ಅದರಲ್ಲಿ ಜಿಡ್ಡು ಕಡಿಮೆ, ಬೇಗ ಒಣಗುತ್ತದೆ. ಆದರೆ ಕೆಲವು ಜೆಲ್‌ಗಳು ಬೆವರಿಗೆ ಬೇಗ ಕರಗಿ ಕಣ್ಣಿಗಿಳಿದು ಉರಿಸುತ್ತವೆ. ಕೊಳ್ಳುವಾಗ ‘ವಾಟರ್ ರೆಸಿಸ್ಟೆಂಟ್’ ಎಂದಿದೆಯೇ ನೋಡಿ. ಎಸ್‌ಪಿಎಫ್ ಮುಖ್ಯವಾಗಿ ಚರ್ಮ ಸುಡುವ ಯುವಿಬಿ ಕಿರಣದ ಲೆಕ್ಕ. ಕಪ್ಪಾಗಿಸುವ ಯುವಿಎಗೆ ಪಿಎ ಗುರುತಿನ ಮುಂದೆ ಮೂರಾದರೂ ಪ್ಲಸ್ ಇರಲಿ.

ಕ್ರೀಮಿನಲ್ಲಿ ಚರ್ಮ ಮೆತ್ತಗಾಗಿಸುವ ಎಣ್ಣೆಯಂಶ ಹೆಚ್ಚು. ಸೆಕೆಯಲ್ಲಿ ಮುಖ ಮಿಂಚುತ್ತದೆ, ಮೊಡವೆ ಏಳುವವರಿಗೆ ರಂಧ್ರ ಕಟ್ಟಿಕೊಳ್ಳುವುದೂ ಉಂಟು. ಹಾಗಂತ ಅದು ಬೇಡವೇ ಬೇಡ ಎಂದಲ್ಲ. ಮೊಡವೆಗೆ ಅಡಾಪಲೀನ್‌ನಂಥ ಔಷಧ ಹಚ್ಚುವವರ ಮುಖ ಒಣಗಿ ಸಿಪ್ಪೆ ಏಳುತ್ತಿರುತ್ತದೆ. ಅವರಿಗೆ ಸ್ಪಿರಿಟ್ ಇರುವ ಜೆಲ್ ಉರಿಯಬಹುದು. ತೆಳುವಾದ, ‘ನಾನ್ ಕಾಮಿಡೋಜೆನಿಕ್’ ಎಂದಿರುವ ಕ್ರೀಮೇ ಹಿತ.

ಸ್ಟಿಕ್ ಮೇಣದ್ದು. ಬೆವರಿಗೆ ಅಷ್ಟು ಬೇಗ ಹರಿಯುವುದಿಲ್ಲವಾದ್ದರಿಂದ ಕಣ್ಣಿನ ಸುತ್ತ, ಮೂಗು, ಕಿವಿಯ ತುದಿಗೆ ಒಳ್ಳೆಯದು. ಆದರೆ ಒಮ್ಮೆ ಎಳೆದರೆ ಕೂರುವುದು ತೀರಾ ತೆಳುವಾದ ಪದರ. ಒಂದೇ ಜಾಗದಲ್ಲಿ ನಾಲ್ಕು ಸಲ ಹಿಂದೆ ಮುಂದೆ ಎಳೆದು ಬೆರಳಿನಿಂದ ಹರಡಬೇಕು. ಇಡೀ ಮುಖಕ್ಕೆ ಹೀಗೆ ಮಾಡುವ ತಾಳ್ಮೆ ಹೆಚ್ಚಿನವರಿಗೆ ಇರುವುದಿಲ್ಲ, ಮೇಣವೂ ಭಾರವೆನಿಸುತ್ತದೆ.

ಬೆಳಿಗ್ಗೆ ಸ್ಕೂಟರಿನಲ್ಲಿ ಆಫೀಸಿಗೆ ಹೋಗಿ, ಮಧ್ಯಾಹ್ನ ಬಿಸಿಲಿನ ಕೆಲಸಕ್ಕೆ ಹೊರಡುವವರು ಎರಡನ್ನೂ ಸೇರಿಸಿಕೊಳ್ಳಬಹುದು. ಮನೆ ಬಿಡುವ 15 ನಿಮಿಷ ಮೊದಲು ಎರಡು ಬೆರಳಿನಷ್ಟು ಜೆಲ್, ಕಣ್ಣಿನ ಸುತ್ತ ಸ್ಟಿಕ್. ಮಧ್ಯಾಹ್ನ ಹೊರಡುವ ಮುನ್ನ ಬೆವರನ್ನು ಉಜ್ಜದೆ, ಹತ್ತಿಯ ಕರವಸ್ತ್ರದಿಂದ ಒತ್ತಿ ತೆಗೆದು ಮತ್ತೆ ಜೆಲ್ ಹಚ್ಚಿಕೊಳ್ಳಬೇಕು. ಬಿಸಿಲಲ್ಲೇ ಇರುವಷ್ಟು ಹೊತ್ತು ಎರಡು ಗಂಟೆಗೊಮ್ಮೆ, ತುಂಬಾ ಬೆವರಿದರೆ ಅದಕ್ಕೂ ಮೊದಲೇ ಹಚ್ಚಬೇಕು.

ಪ್ರಮಾಣ ಸರಿಯಿದೆಯೇ ಎಂದು ಟ್ಯೂಬೇ ಹೇಳುತ್ತದೆ. ದಿನಕ್ಕೆರಡು ಸಲ ಹಚ್ಚಿದರೆ 50 ಗ್ರಾಂ ಜೆಲ್ ಸುಮಾರು 25 ದಿನಕ್ಕೆ ಮುಗಿಯಬೇಕು. ಮೂರು ತಿಂಗಳು ಬಂದರೆ ನೀವು ಹಚ್ಚುತ್ತಿರುವುದು ಸಾಲದು.