ಸೂತ್ರಗಳ ನೆನಪಿಗೆ ದಿನಕ್ಕೊಂದು ಅರ್ಧ ಹಾಳೆ



ಮನಗೂಳಿ ಭಾಗದ ಸಂಘಗಳ ಸಭೆಗೆ ಹೋದಾಗ ತಾಯಂದಿರು ನಮಗೆ ಹೇಳುವ ಮಾತು ಒಂದೇ: "ಸಿಸ್ಟರ್, ಹುಡುಗಿ ರಾತ್ರಿ ಎಲ್ಲಾ ಓದ್ತಾಳ್ರೀ, ಮುಂಜಾನೆ ಸೂತ್ರ ಕೇಳಿದ್ರ ನೆನಪಿರೂದಿಲ್ಲ." ಇದು ಹುಡುಗಿಯ ದಡ್ಡತನ ಅಲ್ಲ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ತಮ್ಮ ನೆನಪನ್ನೇ ಪರೀಕ್ಷಿಸಿ, ಕಲಿತದ್ದರಲ್ಲಿ ಹೆಚ್ಚಿನ ಪಾಲು ಮೊದಲ ದಿನದಲ್ಲೇ ಜಾರಿಹೋಗುತ್ತದೆ ಎಂದು 1885ರಲ್ಲೇ ಬರೆದರು. ಪುಸ್ತಕವನ್ನು ಮತ್ತೆ ಮತ್ತೆ ನೋಡಿದರೆ ಬರುತ್ತದೆ ಅನ್ನಿಸುತ್ತದೆ, ಅಷ್ಟೇ. ಪುಸ್ತಕ ಮುಚ್ಚಿ ತಾನೇ ನೆನಪಿಸಿಕೊಂಡು ಬರೆದರೆ ಮಾತ್ರ ಅದು ಗಟ್ಟಿಯಾಗುವುದು.

ಹತ್ತನೇ ಇಯತ್ತೆಯ ಘನಾಕೃತಿಗಳ ಪಾಠ ತೆಗೆದುಕೊಳ್ಳೋಣ. ಸೋಮವಾರ ಮಗಳು ಸಿಲಿಂಡರಿನ ಎರಡೇ ಸೂತ್ರ ಕಲಿಯಲಿ: ವಕ್ರ ಮೇಲ್ಮೈ ವಿಸ್ತೀರ್ಣ 2πrh, ಘನಫಲ πr²h. ಮಂಗಳವಾರ ಅರ್ಧ ಹಾಳೆಯಲ್ಲಿ ಹೆಸರುಗಳನ್ನಷ್ಟೇ ಬರೆದು, ಪುಸ್ತಕ ಮುಚ್ಚಿ, ಎದುರಿಗೆ ಸೂತ್ರ ಬರೆಯಬೇಕು. ಐದು ನಿಮಿಷ ಸಾಕು. ಆಮೇಲೆ ಪುಸ್ತಕ ತೆಗೆದು ನೀವೇ ಒಂದೊಂದು ಅಕ್ಷರ ಹೋಲಿಸಿ ನೋಡಿ. ಇದಕ್ಕೆ ಗಣಿತ ಬರಬೇಕೆಂದಿಲ್ಲ.

ಸರಿ ಬರೆದ ಸೂತ್ರ ಗುರುವಾರದ ಹಾಳೆಗೆ, ಅಲ್ಲೂ ಸರಿ ಬಂದರೆ ಮುಂದಿನ ಸೋಮವಾರಕ್ಕೆ, ಆಮೇಲೆ ಹದಿನೈದು ದಿನ ಬಿಟ್ಟು ಬರಲಿ. ತಪ್ಪಿದ್ದು ಮಾತ್ರ ಮರುದಿನದ ಹಾಳೆಗೇ ವಾಪಸ್, ಮತ್ತೆ ಮೊದಲಿನಿಂದ. ಹೊಸದು ದಿನಕ್ಕೆ ಎರಡಕ್ಕಿಂತ ಹೆಚ್ಚು ಬೇಡ. ಹಳೆಯವು ಸೇರಿ ಹಾಳೆಯಲ್ಲಿ ಆರೇಳು ಇದ್ದರೆ ಬೇಕಾದಷ್ಟಾಯಿತು.

ಮಗಳು ಘನಫಲಕ್ಕೆ 2πrh ಬರೆದಳು ಎನ್ನಿ. ಬರೀ ಗೀಟು ಹಾಕಿ ಬಿಡಬೇಡಿ, ಅಳತೆಗಳನ್ನು ಎಣಿಸಲು ಹೇಳಿ. 2 ಮತ್ತು π ಬರೀ ಸಂಖ್ಯೆಗಳು. ಉಳಿದ r, h ಎರಡೇ ಅಳತೆ, ಆದ್ದರಿಂದ ಅದು ವಿಸ್ತೀರ್ಣ. ಘನಫಲದಲ್ಲಿ ಮೂರು ಅಳತೆ ಗುಣಿಸಿರಬೇಕು: r, r, h. ಈ ಎಣಿಕೆ ಕಲಿತ ಮಗು ಪರೀಕ್ಷೆಯಲ್ಲೂ ತನ್ನ ಇಂಥ ತಪ್ಪನ್ನು ತಾನೇ ಹಿಡಿಯುತ್ತದೆ.

ಶಂಕುವಿನ ⅓πr²h ಬಂದಾಗ ಅನೇಕರು ⅓ ಮರೆಯುತ್ತಾರೆ. ಒಂದು ಡಬ್ಬಿಯಷ್ಟೇ ಬಾಯಿ, ಅಷ್ಟೇ ಎತ್ತರದ ರಟ್ಟಿನ ಶಂಕು ಮಾಡಿ ಜೋಳ ತುಂಬಿ ಸುರಿಯಿರಿ. ಮೂರು ಸಲ ಸುರಿದರೆ ಡಬ್ಬಿ ತುಂಬುತ್ತದೆ. ಕಣ್ಣಾರೆ ಕಂಡದ್ದನ್ನು ಬಾಯಿಪಾಠ ಮಾಡುವ ಕೆಲಸ ಕಡಿಮೆ.

ಒಂದು ಎಚ್ಚರ. ಹಾಳೆಯ ಮೇಲಿನ ಕ್ರಮವನ್ನು ದಿನಾ ಬದಲಿಸಿ. ಇಲ್ಲದಿದ್ದರೆ ಮಗು ಹಾಡಿನ ಹಾಗೆ ಸಾಲಾಗಿ ಒಪ್ಪಿಸುತ್ತದೆ, ನಡುವಿನದು ಕೇಳಿದರೆ ನಿಂತುಬಿಡುತ್ತದೆ. ಶಂಕುವಿನ h ಎಂದರೆ ನೆಟ್ಟಗಿನ ಎತ್ತರ, l ಎಂದರೆ ಓರೆ ಎತ್ತರ. ಇವನ್ನು ಚಿತ್ರದ ಮೇಲೆ ಬೆರಳಿಟ್ಟು ತೋರಿಸದಿದ್ದರೆ ಸೂತ್ರ ಬಂದಿಲ್ಲವೆಂದೇ ತಿಳಿಯಿರಿ. ಹಾಳೆ ಸೂತ್ರವನ್ನು ನೆನಪಿಸುತ್ತದೆ, ಲೆಕ್ಕ ಬಿಡಿಸುವುದನ್ನು ಕಲಿಸುವುದಿಲ್ಲ. ಆದ್ದರಿಂದ ಹಾಳೆ ಮುಗಿದ ಮೇಲೆ ಅದೇ ಸೂತ್ರದ ಒಂದು ಲೆಕ್ಕವನ್ನೂ ದಿನಾ ಮಾಡಿಸಿರಿ.