ನಿಫ್ಟಿಯ ನೆಲ ಕುಸಿಯುವ ಮುನ್ನ

2020ರ ಜನವರಿಯಲ್ಲಿ ನಿಫ್ಟಿ 12,430ರವರೆಗೆ ಏರಿತ್ತು. ಫೆಬ್ರವರಿ 1ರಂದು, ಬಜೆಟ್ ದಿನ, 11,661ಕ್ಕೆ ಇಳಿದು ಮತ್ತೆ ಮೇಲೆದ್ದಿತು. ಈ ಎರಡು ಗೆರೆಗಳ ನಡುವೆ ಕೆಳಗೆ ಕೊಂಡು ಮೇಲೆ ಮಾರುವುದೇ ರೇಂಜ್ ತಂತ್ರ. ಫೆಬ್ರವರಿ 27ರಂದು ಸೂಚ್ಯಂಕ 11,633ಕ್ಕೆ ಬಂದಾಗ ಅದೇ ನಂಬಿಕೆಯಿಂದ ಕೊಂಡವರು ಮರುದಿನ ಕಂಡದ್ದು 11,201. ಮಾರ್ಚ್ 23ಕ್ಕೆ 7,610.

ಆ ಕೆಳಗಿನ ಗೆರೆ ನಂಬಿಕೆಗೆ ತಕ್ಕದ್ದಲ್ಲ ಎಂಬ ಸುಳಿವು ಮೊದಲೇ ಇತ್ತೇ? ಇತ್ತು. ಕಳೆದ 20 ವಹಿವಾಟು ದಿನಗಳ ಶೇಕಡಾವಾರು ಏರಿಳಿತಗಳನ್ನು ತೆಗೆದುಕೊಂಡು ಅವುಗಳ ಪ್ರಮಾಣಿತ ವಿಚಲನೆ ಕಂಡುಹಿಡಿಯಿರಿ. ಅದನ್ನು 252ರ ವರ್ಗಮೂಲದಿಂದ, ಅಂದರೆ ಸುಮಾರು 15.9ರಿಂದ ಗುಣಿಸಿದರೆ ವಾರ್ಷಿಕ ಹಿಸ್ಟಾರಿಕಲ್ ವೊಲಟಿಲಿಟಿ ಸಿಗುತ್ತದೆ. ದಿನದ ವಿಚಲನೆ 0.6 ಇದ್ದರೆ ಇದು 9.5 ಶೇಕಡಾ, ಪೇಟೆ ಶಾಂತವಾಗಿದೆ ಎಂದರ್ಥ. 2020ರ ಆ ಫೆಬ್ರವರಿಯಲ್ಲಿ ಬಜೆಟ್ ದಿನ 2.5 ಶೇಕಡಾ ಇಳಿಕೆ, 4ರಂದು 2.3ರ ಏರಿಕೆ, 24ರಂದು 2ರ ಇಳಿಕೆ ಆಗಿದ್ದವು. ತಿಂಗಳ ಕೊನೆಗೆ ದಿನದ ವಿಚಲನೆ 1 ದಾಟಿ, ವಾರ್ಷಿಕ ಅಂಕಿ 17ರ ಆಸುಪಾಸಿಗೆ ಬಂದಿತ್ತು.

ಆದರೆ 17 ಹೆಚ್ಚೋ ಕಡಿಮೆಯೋ? ಅದನ್ನು ಹೇಳುವುದು ಪರ್ಸೆಂಟೈಲ್. ಕಳೆದ 252 ದಿನಗಳಲ್ಲಿ ಎಷ್ಟು ದಿನ ಈ ಅಂಕಿ ಇಂದಿಗಿಂತ ಕಡಿಮೆಯಿತ್ತು ಎಂದು ಎಣಿಸಬೇಕು. 189 ದಿನ ಕಡಿಮೆಯಿದ್ದರೆ ಪರ್ಸೆಂಟೈಲ್ 75. ವರ್ಷದ ಗರಿಷ್ಠ-ಕನಿಷ್ಠಗಳ ನಡುವೆ ಇಂದು ಎಲ್ಲಿದ್ದೇವೆ ಎಂದಷ್ಟೇ ನೋಡುವ ಇನ್ನೊಂದು ಅಳತೆಯೂ ಇದೆ. ಅದನ್ನು ಒಂದೇ ದಿನ ಕೆಡಿಸಬಲ್ಲದು: 2019ರ ಸೆಪ್ಟೆಂಬರ್ 20ರಂದು ಕಾರ್ಪೊರೇಟ್ ತೆರಿಗೆ ಕಡಿತದ ಸುದ್ದಿಗೆ ನಿಫ್ಟಿ 5 ಶೇಕಡಾ ಮೀರಿ ಜಿಗಿದದ್ದರಿಂದ ಗರಿಷ್ಠ ಅಂಕಿ ಬಹಳ ಮೇಲಿತ್ತು, ಅದರ ಎದುರು ಫೆಬ್ರವರಿ ಸಾಧಾರಣವಾಗಿ ಕಾಣುತ್ತಿತ್ತು. ಹಾಗಾಗಿ ನಾನು ದಿನ ಎಣಿಸುವ ಲೆಕ್ಕವನ್ನೇ ಹೆಚ್ಚು ನಂಬುತ್ತೇನೆ.

ತಂತ್ರ ಬದಲಿಸಲು ಒಂದೇ ಗಡಿ ಇಟ್ಟುಕೊಂಡರೆ ದಿನಕ್ಕೊಮ್ಮೆ ಅತ್ತಿಂದಿತ್ತ ಓಡಾಡಬೇಕಾಗುತ್ತದೆ. ಎರಡು ಗಡಿ ಇರಲಿ: ಉದಾಹರಣೆಗೆ 30ರ ಕೆಳಗೆ ರೇಂಜ್ ತಂತ್ರ, 60ರ ಮೇಲೆ ಟ್ರೆಂಡ್ ತಂತ್ರ, ನಡುವೆ ಇದ್ದದ್ದೇ ಮುಂದುವರಿಯಲಿ. 60 ದಾಟಿದ್ದೇ ಸಾಕಾಗದು. ಪರ್ಸೆಂಟೈಲ್ ದಿಕ್ಕು ಹೇಳುವುದಿಲ್ಲ. ಪೇಟೆ ಜೋರಾಗಿ ಹೊಯ್ದಾಡುತ್ತಾ ಎಲ್ಲಿಗೂ ಹೋಗದೆಯೂ ಇರಬಹುದು. ದಿನದ ಮುಕ್ತಾಯದ ಬೆಲೆ ಹಳೆಯ ಗೆರೆಯ ಆಚೆ ನಿಂತಾಗ ಮಾತ್ರ ಆ ದಿಕ್ಕಿನಲ್ಲಿ ಹೋಗಬೇಕು, ಸ್ಟಾಪ್‌ಲಾಸ್ ದೂರವಿಟ್ಟು. ಏರಿಳಿತ ಇಮ್ಮಡಿಯಾಗಿದ್ದರೆ ಹೂಡುವ ಪ್ರಮಾಣ ಅರ್ಧಕ್ಕಿಳಿಯಬೇಕು.

ಇನ್ನೊಂದು ಮೋಸವಿದೆ. ಮಾರ್ಚ್ 23ರ 13 ಶೇಕಡಾ ಕುಸಿತ ಏಪ್ರಿಲ್ ಕೊನೆಯ ಹೊತ್ತಿಗೆ 20 ದಿನಗಳ ಲೆಕ್ಕದಿಂದ ಹೊರಬಿತ್ತು, ಅಂಕಿ ಅಷ್ಟರಮಟ್ಟಿಗೆ ಇಳಿಯಿತು. ಪೇಟೆ ಆ ದಿನವೇ ಶಾಂತವಾಯಿತೆಂದು ಇದರ ಅರ್ಥವಲ್ಲ. ಪರ್ಸೆಂಟೈಲ್ ತಟ್ಟನೆ ಇಳಿದರೆ, ಲೆಕ್ಕದಿಂದ ಹೊರಬಿದ್ದ ದಿನ ಯಾವುದೆಂದು ಮೊದಲು ನೋಡಿ. ಆಮೇಲೆ ರೇಂಜ್ ತಂತ್ರಕ್ಕೆ ಮರಳಿ.