‘ಕ್ಷಮಿಸಿ, ಅರ್ಥವಾಗಲಿಲ್ಲ’ ಅಂದಮೇಲೆ ಚಾಟ್‌ಬಾಟ್ ಏನು ಮಾಡಬೇಕು?

‘ಎರಡ ಸಾವಿರ ಬಂದಿಲ್ರೀ.’ ತಿಕೋಟಾದ ಯುವತಿಯೊಬ್ಬಳು ಸರ್ಕಾರಿ ಸಹಾಯವಾಣಿಯ ಚಾಟ್‌ಬಾಟ್‌ಗೆ ಹೀಗೆ ಬರೆದಳು ಅಂದುಕೊಳ್ಳಿ. ಯಾವ ಎರಡು ಸಾವಿರ? ಗೃಹಲಕ್ಷ್ಮಿಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಪಿಎಂ ಕಿಸಾನ್‌ನಲ್ಲಿ ರೈತ ಕುಟುಂಬಕ್ಕೆ ವರ್ಷಕ್ಕೆ 6,000, ಅದೂ 2,000ದ ಮೂರು ಕಂತಿನಲ್ಲಿ. ಮೊದಲನೆಯದು ರಾಜ್ಯದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು, ಎರಡನೆಯದು ಕೇಂದ್ರದ ಕೃಷಿ ಯೋಜನೆ. ಪಿಎಂ ಕಿಸಾನ್‌ಗೆ 2023ರ ಸೆಪ್ಟೆಂಬರ್‌ನಲ್ಲೇ ‘ಕಿಸಾನ್ ಇ-ಮಿತ್ರ’ ಎಂಬ ಚಾಟ್‌ಬಾಟ್ ಬಂದಿದೆ. ಸರ್ಕಾರದ ಬಾಗಿಲಲ್ಲಿ ಇಂಥ ಬಾಟ್‌ಗಳು ಕೂರುತ್ತಿರುವಾಗ, ಅವಕ್ಕೆ ನಮ್ಮ ಮಾತು ಅರ್ಥ ಆಗದಿದ್ದರೆ ಮುಂದೇನು ಅನ್ನೋದು ಬರೀ ತಂತ್ರಜ್ಞರ ಪ್ರಶ್ನೆ ಅಲ್ಲ.

ಒಳಗೆ ನಡೆಯೋದು ಇಷ್ಟು. ಎಷ್ಟೋ ಬಾಟ್‌ಗಳಿಗೆ ‘ಗೃಹಲಕ್ಷ್ಮಿ ಹಣ ಬಂದಿಲ್ಲ’, ‘ಪಿಎಂ ಕಿಸಾನ್ ಕಂತು ಬಂದಿಲ್ಲ’ ಎಂಬಂಥ ಉದ್ದೇಶಗಳ ಪಟ್ಟಿ ಮೊದಲೇ ಕೊಟ್ಟಿರುತ್ತಾರೆ. ನಾವು ಬರೆದ ವಾಕ್ಯ ಯಾವುದಕ್ಕೆ ಎಷ್ಟು ಹೊಂದುತ್ತೆ ಅಂತ ಬಾಟ್ 0ಯಿಂದ 1ರೊಳಗೆ ಅಂಕ ಹಾಕುತ್ತೆ. ರಾಸಾ ಎಂಬ ಮುಕ್ತ ತಂತ್ರಾಂಶದಲ್ಲಿ, ನಾವಾಗಿ ಬದಲಿಸದಿದ್ದರೆ, ಅತಿ ಹೆಚ್ಚಿನ ಅಂಕವೂ 0.3 ಮುಟ್ಟದಿದ್ದಾಗ ‘ಅರ್ಥ ಆಗಲಿಲ್ಲ’ ಎಂಬ ದಾರಿ ಹಿಡಿಯುತ್ತೆ. ಮೊದಲೆರಡು ಅಂಕಗಳ ನಡುವಿನ ಅಂತರ 0.1ಕ್ಕಿಂತ ಕಡಿಮೆ ಇದ್ದರೂ ಹಾಗೇ.

ಈ ಎರಡನೇ ನಿಯಮವೇ ಇಲ್ಲಿ ಮುಖ್ಯ. ನಮ್ಮ ವಾಕ್ಯಕ್ಕೆ ಗೃಹಲಕ್ಷ್ಮಿ 0.46, ಪಿಎಂ ಕಿಸಾನ್ 0.41 ಅಂಕ ಪಡೆದವು ಅನ್ನಿ. ಎರಡೂ 0.3 ದಾಟಿವೆ. ಅಂತರ ನೋಡದ ಬಾಟ್ ಧೈರ್ಯವಾಗಿ ಗೃಹಲಕ್ಷ್ಮಿ ಉತ್ತರ ಕೊಟ್ಟುಬಿಡುತ್ತೆ. ಕೇಳಿದ್ದು ಪಿಎಂ ಕಿಸಾನ್ ಬಗ್ಗೆ ಆಗಿದ್ದರೆ, ಬಬಲೇಶ್ವರದ ರೈತ ಬಸ್ ಹತ್ತಿ ವಿಜಯಪುರದ ತಪ್ಪು ಕಚೇರಿಗೆ ಹೋಗಿ ಒಂದು ದಿನದ ಕೆಲಸ ಕಳಕೊಂಡು ಬರಬೇಕು. ‘ಗೊತ್ತಾಗಲಿಲ್ಲ’ ಅನ್ನೋದಕ್ಕಿಂತ ಇದು ಹೆಚ್ಚು ನಷ್ಟ.

ಹಾಗಾದರೆ ಬಾಟ್ ಏನು ಹೇಳಬೇಕು? ‘ಕ್ಷಮಿಸಿ, ಇನ್ನೊಮ್ಮೆ ಬರೆಯಿರಿ’ ಅಂದರೆ ಆಕೆ ಅದೇ ವಾಕ್ಯವನ್ನೇ ಬರೀತಾಳೆ. ಅರ್ಥ ಆದದ್ದನ್ನು ಹೇಳಿ, ಆಗದ್ದನ್ನಷ್ಟೇ ಕೇಳಬೇಕು: ‘ಎರಡು ಸಾವಿರ ಬಂದಿಲ್ಲ ಅಂತ ತಿಳೀತು. ಯಾವ ಹಣ ರೀ? 1. ಗೃಹಲಕ್ಷ್ಮಿ 2. ಪಿಎಂ ಕಿಸಾನ್ 3. ಬೇರೆ ವಿಷಯ, ಸಿಬ್ಬಂದಿ ಜೊತೆ ಮಾತಾಡಬೇಕು.’ ಮೂರನೇ ಆಯ್ಕೆ ಮೊದಲ ಸಲವೇ ಇರಬೇಕು, ಐದು ಮೆನು ದಾಟಿದ ಮೇಲಲ್ಲ.

ಆಕೆ 1 ಒತ್ತಿ, ‘ಅವ್ವ ತೀರಕೊಂಡಾಳ್ರಿ, ಕಾರ್ಡಿನ್ಯಾಗ ಅಕಿದ ಹೆಸರೈತಿ’ ಅಂತ ಬರೆದಳು. ಇಲ್ಲಿ ಬಾಟ್ ಇನ್ನೊಂದು ಪ್ರಶ್ನೆ ಕೇಳಬಾರದು. ಯಜಮಾನಿ ಯಾರು ಅನ್ನೋದು ರೇಷನ್ ಕಾರ್ಡಿನಿಂದ ತೀರ್ಮಾನ ಆಗುತ್ತೆ, ಕಾರ್ಡ್ ತಿದ್ದೋದು ಆಹಾರ ಇಲಾಖೆ, ಹಣ ಕೊಡೋದು ಇನ್ನೊಂದು ಇಲಾಖೆ. ಸಾವಿನ ಮಾತು ಬಂದರೆ, ಅಥವಾ ‘ಮನುಷ್ಯರ ಜೊತೆ ಮಾತಾಡಬೇಕು’ ಅಂದರೆ ತಕ್ಷಣ, ಉಳಿದಂತೆ ಎರಡು ಸಲ ಎಡವಿದ ಮೇಲೆ ಸಂಭಾಷಣೆ ಸಿಬ್ಬಂದಿಯ ಕೈಗೆ ಹೋಗಬೇಕು.

ಸಿಬ್ಬಂದಿಯ ಪರದೆಗೆ ಇಡೀ ಸಂಭಾಷಣೆ, ಒಂದು ಸಾಲಿನ ಸಾರಾಂಶ, ಊರು, ತಾಲೂಕು, ವಾಪಸ್ ಕರೆಯಬೇಕಾದ ಫೋನ್ ನಂಬರ್ ಹೋಗಬೇಕು. ಇಲ್ಲದಿದ್ದರೆ ಅವರು ‘ಹೇಳಿ ಮೇಡಂ, ಏನು ಸಮಸ್ಯೆ?’ ಅಂತ ಕೇಳ್ತಾರೆ, ಆಕೆ ಅವ್ವನ ಸಾವನ್ನು ಮತ್ತೆ ಮೊದಲಿಂದ ಹೇಳಬೇಕು. ರಾತ್ರಿ ಹೊತ್ತಾಗಿದ್ದರೆ ‘ದಯವಿಟ್ಟು ಕಾಯಿರಿ’ ಅನ್ನೋದು ಸುಳ್ಳು. ‘ಈಗ ಕಚೇರಿಯಲ್ಲಿ ಯಾರೂ ಇಲ್ಲ, ನಾಳೆ ಮಧ್ಯಾಹ್ನದೊಳಗೆ ಕರೆ ಮಾಡ್ತೀವಿ, ನಿಮ್ಮ ದೂರಿನ ಸಂಖ್ಯೆ ಇದು’ ಅಂದರೆ ಆಕೆ ಫೋನ್ ಇಟ್ಟು ಮಲಗಬಹುದು.

ಇದೆಲ್ಲ ನಡೀತಿದೆಯಾ ಅಂತ ತಿಳಿಯೋದು ಹೇಗೆ? ‘ಇಷ್ಟು ಶೇಕಡಾ ಪ್ರಶ್ನೆಗಳನ್ನು ಬಾಟೇ ಬಗೆಹರಿಸಿತು’ ಎಂಬ ಲೆಕ್ಕವನ್ನು ಹಾಗೇ ನಂಬಬೇಡಿ. ಸಿಬ್ಬಂದಿವರೆಗೆ ಹೋಗದ ಸಂಭಾಷಣೆಯನ್ನೆಲ್ಲ ಬಗೆಹರಿದದ್ದು ಅಂತ ಎಣಿಸಿದರೆ, ಬೇಸತ್ತು ಅರ್ಧಕ್ಕೆ ಬಿಟ್ಟವರೂ ಅದರಲ್ಲಿ ಸೇರ್ತಾರೆ. ಆ 0.3ನ್ನು 0.2ಕ್ಕೆ ಇಳಿಸಿದರೂ ‘ಅರ್ಥ ಆಗಲಿಲ್ಲ’ ಎಂಬ ಉತ್ತರ ಕಡಿಮೆಯಾಗಿ ವರದಿ ಚೆಂದ ಕಾಣುತ್ತೆ, ತಪ್ಪು ಉತ್ತರ ಮಾತ್ರ ಜಾಸ್ತಿಯಾಗುತ್ತೆ. ಅದೇ ನಂಬರಿನಿಂದ ವಾರದೊಳಗೆ ಅದೇ ದೂರು ಮತ್ತೆ ಬಂತಾ ಅಂತ ನೋಡಬೇಕು. ಬಾಟ್ ಎಡವಿದ ವಾಕ್ಯಗಳನ್ನು ವಾರಕ್ಕೊಮ್ಮೆ ಮನುಷ್ಯರು ಓದಬೇಕು. ‘ರೊಕ್ಕ’, ‘ಐತಿ’, ‘ಬಂದಿಲ್ರೀ’ ಎಂಬ ಮಾತುಗಳೇ ಅಲ್ಲಿ ತುಂಬಿದ್ದರೆ, ಬಾಟ್ ಕಲಿತ ಕನ್ನಡದಲ್ಲಿ ವಿಜಯಪುರ ಇಲ್ಲ ಅಂತಲೇ ಅರ್ಥ.

ಎಷ್ಟೇ ಚೆಂದ ವಿನ್ಯಾಸ ಮಾಡಿದರೂ ಆ ಕಡೆ ಕುರ್ಚಿ ಖಾಲಿ ಇದ್ದರೆ ದೂರು ಅಲ್ಲೇ ಕೊಳೆಯುತ್ತೆ. ಆದ್ದರಿಂದ ನಿಮ್ಮ ಜಿಲ್ಲೆಗೆ ಹೊಸ ಚಾಟ್‌ಬಾಟ್ ಬಂದರೆ ಮಾಹಿತಿ ಹಕ್ಕಿನಡಿ ಮೂರು ಸಂಗತಿ ಕೇಳಿ: ತಿಂಗಳಿಗೆ ಎಷ್ಟು ಸಂಭಾಷಣೆ ಸಿಬ್ಬಂದಿಗೆ ಹೋದವು, ಅವರು ಉತ್ತರಿಸಲು ಎಷ್ಟು ಹೊತ್ತಾಯಿತು, ಆ ಕೆಲಸಕ್ಕೆ ಎಷ್ಟು ಜನರನ್ನು ನೇಮಿಸಿದ್ದೀರಿ.